ಕಿವಿ ಸರಿ ಐತಿ, ಕುತ್ತಿಗೆಗೆ ಪಟ್ಟಿ ಹಾಕ್ಯಾರ, ತಲೆ ಮಾತ್ರ ತಿರುಗ್ತಾನೇ ಐತಿ – ದಾವಣಗೆರೆ

ಸೀರೆ ಅಂಗಡಿ ಅಕ್ಕ · ಮಾರ್ಚ್ 3, ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ದಾವಣಗೆರೆ ಮಂಡಿಪೇಟೆ ಕಡೆ ಒಂದು ಸೀರೆ ಅಂಗಡಿಯಾಗ 11 ವರ್ಷದಿಂದ ಕೆಲಸ ಮಾಡ್ತೀನಿ. ಹೋದ ಶ್ರಾವಣದಿಂದ ತಲೆಸುತ್ತು ಹಿಡಿದೈತಿ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸ್ತಿರ್ತೀನಿ, ಒಂದರ ಮ್ಯಾಲೆ ಒಂದು ಸೆರಗು ಹಾಸ್ತಾ ಹೋದಂಗ ನೆಲ ಒಂದು ಕಡೆ ಜಾರಿದಂಗ ಆಗ್ತೈತಿ. ದೋಣಿಯಾಗ ನಿಂತಂಗ. ಆಮ್ಯಾಲೆ ವಾಕರಿಕೆ. ಅಂಗಡಿ ಲೈಟು ಕಣ್ಣಿಗೆ ಚುಚ್ಚತಾವು, ಹಿಂದಿನ ಗೋಡೌನಿನಾಗ ಕತ್ತಲೆ ಮಾಡ್ಕೊಂಡು ಕುಂತ್ರೆ ಸ್ವಲ್ಪ ಸಮಾಧಾನ. ಒಮ್ಮೊಮ್ಮೆ ತಲೆನೋವು ಇರ್ತೈತಿ, ಒಮ್ಮೊಮ್ಮೆ ಇರಂಗೇ ಇಲ್ಲ.

ಕಿವಿ ಡಾಕ್ಟ್ರು ಕಿವಿ ಸರಿ ಐತಿ ಅಂದ್ರು. ಇನ್ನೊಬ್ಬರು ಕುತ್ತಿಗೆ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಾವ ಅಂತ ಪಟ್ಟಿ ಹಾಕಿಸಿದ್ರು. ಐದು ತಿಂಗಳಿಂದ ಪಟ್ಟಿ ಐತಿ, ತಲೆಸುತ್ತಿನ ಮಾತ್ರೆ ದಿನಕ್ಕೆ ಮೂರು ನುಂಗ್ತೀನಿ. ತಲೆ ಸ್ಕ್ಯಾನೂ ಮಾಡಿಸೀವಿ, ಏನೂ ಇಲ್ಲ. ಮನ್ಯಾಗ ಈಗ "ಎಲ್ಲಾ ನಿನ್ನ ಮನಸ್ಸಿಂದು" ಅನ್ನಾಕ ಹತ್ತ್ಯಾರ. ಯಾರಿಗಾದ್ರೂ ಹಿಂಗ ಆಗೈತಾ?

ಹರಿಹರದ ಅಣ್ಣ · ಮಾರ್ಚ್ 3, ರಾತ್ರಿ 10.55

ಅಕ್ಕಾರೆ, ನನಗ ಡಿಟ್ಟೋ ಇದೇ ಆಗಿತ್ತು. ಕಿವಿಯೊಳಗ ಸಣ್ಣ ಹರಳು ಇರ್ತಾವ, ಅವು ಜಾಗ ಬಿಟ್ಟು ಜಾರ್ತಾವ. ನನ್ನ ಡಾಕ್ಟ್ರು ಮಂಚದ ಮ್ಯಾಲೆ ಕೂಡ್ರಿಸಿ, ತಲೆ ತಿರುಗಿಸಿ, ದಬಕ್ ಅಂತ ಮಲಗಿಸಿ, ಆ ಕಡೆ ಈ ಕಡೆ ಹೊರಳಿಸಿದ್ರು. ಎರಡು ಸಲಕ್ಕೆ ವಾಸಿ. ಒಂದು ಮಾತ್ರೆ ಇಲ್ಲ. ನೀವೂ ಯೂಟ್ಯೂಬಿನಾಗ ನೋಡ್ಕೊಂಡು ಮನ್ಯಾಗೇ ಮಾಡ್ರಿ.

ಮೆಡಿಕಲ್ ಶಾಪ್ ಮಾವ · ಮಾರ್ಚ್ 4, ಬೆಳಿಗ್ಗೆ 8.10

ಮೊದಲು ಬಿ.ಪಿ., ರಕ್ತ ನೋಡಿಸಮ್ಮ. ನಮ್ಮ ಅಂಗಡಿಗೆ ಬರೋ ಹೆಣ್ಣುಮಕ್ಕಳಲ್ಲಿ ತಲೆಸುತ್ತು ಅಂದೋರಿಗೆ ಅರ್ಧ ಜನಕ್ಕೆ ರಕ್ತ ಕಡಿಮೆ ಇರುತ್ತೆ. ಕುಂತು ಎದ್ದಾಗ ಕಣ್ಣು ಕತ್ತಲೆ ಬರುತ್ತಾ? ಬಂದ್ರೆ ಅದೇ.

ಸೀರೆ ಅಂಗಡಿ ಅಕ್ಕ · ಮಾರ್ಚ್ 4, ಬೆಳಿಗ್ಗೆ 9.05

ಮಾವಾರೆ, ರಕ್ತ 11.8 ಐತಿ. ಬಿ.ಪಿ. ಸರಿ ಐತಿ. ಎದ್ದಾಗ ಏನೂ ಆಗಂಗಿಲ್ಲ. ಕುಂತಲ್ಲೇ ಬರ್ತೈತಿ, ನಿಂತಲ್ಲೇ ಬರ್ತೈತಿ.

ದುರ್ಗದ ಆಡಿಯಾಲಜಿಸ್ಟ್ · ಮಾರ್ಚ್ 4, ಮಧ್ಯಾಹ್ನ 2.30

ಅಕ್ಕಾ, ನಾನು ಚಿತ್ರದುರ್ಗದಲ್ಲಿ ಕಿವಿ ಪರೀಕ್ಷೆ ಮಾಡೋಳು. ತಲೆಸುತ್ತು ಅಂತ ಬಂದವರನ್ನ ದಿನಾ ನೋಡ್ತೀನಿ. ಔಷಧಿ ಬರೆಯೋದು ನನ್ನ ಕೆಲಸ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ನೀವು ಬರೆದಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿ ಇಲ್ಲ. ಒಂದು ಸಲ ಸುತ್ತು ಶುರುವಾದರೆ ಎಷ್ಟು ಹೊತ್ತು ಇರುತ್ತೆ? ವಾಕರಿಕೆ, ಸುಸ್ತು ಸೇರಿಸಬೇಡಿ. ಬರೀ ನೆಲ ಜಾರಿದಂಗೆ ಅನ್ನಿಸೋ ಹೊತ್ತು ಹೇಳಿ.

ಹರಿಹರದ ಅಣ್ಣಾವ್ರು ಹೇಳಿದ್ದು ಅವರ ಮಟ್ಟಿಗೆ ನೂರಕ್ಕೆ ನೂರು ಸತ್ಯ. ಆದರೆ ಹರಳು ಜಾರಿದಾಗ ಬರೋ ಸುತ್ತು ಸಾಮಾನ್ಯವಾಗಿ ಒಂದು ನಿಮಿಷದ ಒಳಗೆ ನಿಲ್ಲುತ್ತೆ. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ, ಅಟ್ಟದ ಮೇಲಿಂದ ಡಬ್ಬ ಇಳಿಸೋಕೆ ಕತ್ತೆತ್ತಿದಾಗ ಬರುತ್ತೆ. ತಲೆ ಅಲುಗಾಡಿಸದೆ ಕೂತರೆ ಬರೋದಿಲ್ಲ. ಅಣ್ಣಾ, ನಿಮಗೆ ಹಂಗೇ ಇತ್ತಲ್ವಾ?

ಹರಿಹರದ ಅಣ್ಣ · ಮಾರ್ಚ್ 4, ಮಧ್ಯಾಹ್ನ 3.12

ಹೌದ್ರೀ ಮೇಡಂ, ಬರೇ ಎಡಕ್ಕ ಹೊರಳಿದಾಗ. ಇಪ್ಪತ್ತು ಎಣಿಸೋದ್ರೊಳಗ ನಿಲ್ತಿತ್ತು.

ಸೀರೆ ಅಂಗಡಿ ಅಕ್ಕ · ಮಾರ್ಚ್ 4, ರಾತ್ರಿ 10.40

ಗಡಿಯಾರ ನೋಡಿಲ್ಲ ಮೇಡಂ. ಅಂದಾಜು ಒಂದು ತಾಸು, ಎರಡು ತಾಸು. ಸಂಕ್ರಾಂತಿ ಹಿಂದಿನ ದಿನ ಬಂದಿದ್ದು ಮರುದಿನ ಸಂಜೀ ತನಕ ಇತ್ತು.

ದುರ್ಗದ ಆಡಿಯಾಲಜಿಸ್ಟ್ · ಮಾರ್ಚ್ 5, ಮಧ್ಯಾಹ್ನ 1.45

ಹಂಗಿದ್ರೆ ಹರಳಿನ ಮಾತು ಸದ್ಯಕ್ಕೆ ಬದಿಗಿಡೋಣ. ಇನ್ನೂ ಮೂರು ಪ್ರಶ್ನೆ. ಸುತ್ತು ಬಂದಾಗ ಒಂದೇ ಕಿವಿ ಮಂದ ಆಗಿ, ಗುಂಯ್ ಅಂದು, ಆಮೇಲೆ ಕೇಳೋದು ಕಡಿಮೆಯೇ ಉಳಿದಿದೆಯಾ? ಚಿಕ್ಕ ವಯಸ್ಸಿನಲ್ಲಿ ಅರೆತಲೆನೋವು ಇತ್ತಾ? ಬಸ್ಸಿನಲ್ಲಿ ವಾಂತಿ ಆಗ್ತಿತ್ತಾ?

ಸೀರೆ ಅಂಗಡಿ ಅಕ್ಕ · ಮಾರ್ಚ್ 5, ರಾತ್ರಿ 11.00

ಕಿವಿ ಒಮ್ಮೊಮ್ಮೆ ಎರಡೂ ತುಂಬಿದಂಗ ಅನ್ನಿಸ್ತಾವ, ಕೇಳೋದಕ್ಕೇನೂ ಕಮ್ಮಿ ಇಲ್ಲ. ಕಿವಿ ಟೆಸ್ಟ್ ಎರಡು ಸಲ ಆಗೈತಿ, ಎರಡೂ ನಾರ್ಮಲ್.

ಅರೆತಲೆನೋವು ಇತ್ತು! ಪಿಯುಸಿ ಓದುವಾಗ ಎಡಗಣ್ಣಿನ ಹಿಂದ ದಡಕ್ ದಡಕ್ ಅಂತ ಬಡೀತಿತ್ತು, ಬಾಗಿಲು ಹಾಕ್ಕೊಂಡು ಮಲಗ್ತಿದ್ದೆ. ಎರಡನೇ ಮಗ ಹುಟ್ಟಿದ ಮ್ಯಾಲೆ ತಾನಾಗೇ ಹೋತು. ಅದಾಗಿ 12 ವರ್ಷ. ನಮ್ಮವ್ವಗೂ ಇತ್ತು. ಬಸ್ಸಂತೂ ಕೇಳಬ್ಯಾಡ್ರಿ, ಚನ್ನಗಿರಿಗೆ ಹೋಗಬೇಕಂದ್ರೆ ಕೈಯಾಗ ನಿಂಬೆಹಣ್ಣು ಹಿಡ್ಕೊಂಡೇ ಹತ್ತೋದು. ಅದಕ್ಕೂ ಇದಕ್ಕೂ ಏನು ಸಂಬಂಧ ಮೇಡಂ?

ದುರ್ಗದ ಆಡಿಯಾಲಜಿಸ್ಟ್ · ಮಾರ್ಚ್ 6, ಮಧ್ಯಾಹ್ನ 2.05

ಸಂಬಂಧ ಇರಬಹುದು. ಅದೇ ಮೈಗ್ರೇನ್ ಈಗ ಬೇರೆ ವೇಷದಲ್ಲಿ ಬಂದಿರಬಹುದು. ವೆಸ್ಟಿಬುಲರ್ ಮೈಗ್ರೇನ್ ಅಂತಾರೆ. ನೋವು ಬಡಿಯೋ ಬದಲು ಮಿದುಳಿನಲ್ಲಿ ಸಮತೋಲ ನೋಡಿಕೊಳ್ಳೋ ಭಾಗ ಕೆರಳುತ್ತೆ. ತಲೆನೋವು ಇರಲೇಬೇಕು ಅಂತಿಲ್ಲ, ನಿಮ್ಮ ಹಾಗೆ ಎಷ್ಟೋ ಜನರಿಗೆ ತಲೆನೋವು ನಿಂತು ಹತ್ತು ಹದಿನೈದು ವರ್ಷ ಆದಮೇಲೆ ಸುತ್ತು ಶುರುವಾಗುತ್ತೆ. ಮುಟ್ಟು ನಿಲ್ಲೋ ವಯಸ್ಸಿನ ಹತ್ತಿರ ಬಂದ ಹೆಣ್ಣುಮಕ್ಕಳಲ್ಲಿ ಇದನ್ನ ಮತ್ತೆ ಮತ್ತೆ ನೋಡಿದ್ದೀನಿ.

ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನಿನಲ್ಲೂ ಕಾಣೋದಿಲ್ಲ. ಸ್ಕ್ಯಾನ್ ಮಾಡಿಸೋದು ಬೇರೆ ಏನೂ ಇಲ್ಲ ಅಂತ ಖಚಿತ ಮಾಡ್ಕೊಳ್ಳೋಕೆ. ಹಂಗಾಗಿ "ಸ್ಕ್ಯಾನ್ ನಾರ್ಮಲ್, ಅಂದರೆ ಎಲ್ಲಾ ಮನಸ್ಸಿಂದು" ಅನ್ನೋ ಮಾತು ತಪ್ಪು. ಮನೆಯವರಿಗೆ ಇದನ್ನ ಓದಿ ಹೇಳಿ.

ರೋಗಿ ಹೇಳೋ ಕಥೆ ಕೇಳಿಯೇ ಇದನ್ನ ಗುರುತಿಸೋದು. ನರರೋಗ ವೈದ್ಯರು ನೋಡೋದು ಇಷ್ಟು: ಇಂಥ ಸುತ್ತು ಕನಿಷ್ಠ 5 ಸಲ ಬಂದಿರಬೇಕು, ಒಂದೊಂದೂ 5 ನಿಮಿಷದಿಂದ 72 ಗಂಟೆ ಒಳಗೆ ಇರಬೇಕು, ಈಗಲೋ ಹಿಂದೆಯೋ ಮೈಗ್ರೇನ್ ಇದ್ದಿರಬೇಕು. ಆಮೇಲೆ ಸುತ್ತು ಬಂದ ಸಲಗಳಲ್ಲಿ ಅರ್ಧಕ್ಕಾದರೂ ಮೈಗ್ರೇನಿನ ಒಂದು ಗುರುತು ಜೊತೆಗೆ ಬಂದಿರಬೇಕು. ಬಡಿಯೋ ತಲೆನೋವು ಆಗಬಹುದು, ಬೆಳಕು ಮತ್ತು ಸದ್ದು ಎರಡೂ ಸಹಿಸೋಕೆ ಆಗದಿರೋದು ಆಗಬಹುದು, ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿಂಚೋದು ಆಗಬಹುದು.

ನೀವು ಬೆಳಕು ಅಂದ್ರಿ, ಸದ್ದು ಹೇಳಲಿಲ್ಲ. ಅದಕ್ಕೇ ಒಂದು ಕೆಲಸ ಮಾಡಿ. ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಆರು ವಾರ ಬರೀರಿ. ಸುತ್ತು ಯಾವ ದಿನ, ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ನಿಂತಿತು. ಬೆಳಕು, ಸದ್ದು, ತಲೆನೋವು ಇತ್ತಾ. ಹಿಂದಿನ ರಾತ್ರಿ ಎಷ್ಟು ನಿದ್ದೆ, ಆ ದಿನ ಊಟ ಎಷ್ಟೊತ್ತಿಗೆ, ಮುಟ್ಟಿನ ದಿನ ಯಾವುದು. ಯಾವ ಮಾತ್ರೆ ನುಂಗಿದ್ರಿ. ತಲೆನೋವಿನ ಮಾತ್ರೆಯನ್ನೂ ಬಿಡದೆ ಬರೀರಿ.

ಪಟ್ಟಿ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ನನಗೆ ಗೊತ್ತಿರೋದು ಇಷ್ಟೇ, ನಲವತ್ತರ ಹತ್ತಿರ ಬಂದವರ ಕುತ್ತಿಗೆ ಎಕ್ಸ್‌ರೇ ತೆಗೆದರೆ ಒಂಚೂರೂ ತೊಂದರೆ ಇಲ್ಲದವರಲ್ಲೂ ಸವೆತ ಕಾಣುತ್ತೆ. ತಿಂಗಳುಗಟ್ಟಲೆ ಪಟ್ಟಿ ಹಾಕ್ಕೊಂಡ್ರೆ ಕುತ್ತಿಗೆ ಸ್ನಾಯು ಇನ್ನಷ್ಟು ಬಿಗಿಯುತ್ತೆ.

ಮೆಡಿಕಲ್ ಶಾಪ್ ಮಾವ · ಮಾರ್ಚ್ 6, ಸಂಜೆ 6.30

ಮೇಡಂ, ನನ್ನ ಮಾತು ಸ್ವಲ್ಪ ಕೇಳಿ. 22 ವರ್ಷದಿಂದ ಕೌಂಟರಿನಲ್ಲಿ ನಿಂತೀನಿ. ತಲೆಸುತ್ತಿನ ಮಾತ್ರೆ ತಗೊಂಡವರು ಎಷ್ಟೋ ಜನ ಆರಾಮಾಗ್ಯಾರೆ. ಅದನ್ನ ಬೇಡ ಅನ್ನೋದು ಸರಿಯಲ್ಲ.

ದುರ್ಗದ ಆಡಿಯಾಲಜಿಸ್ಟ್ · ಮಾರ್ಚ್ 6, ರಾತ್ರಿ 8.15

ಬೇಡ ಅಂದಿಲ್ಲ ಮಾವಾ. ಭೂಮಿ ಗಿರ್ರನೆ ತಿರುಗಿ ವಾಂತಿ ಆಗ್ತಿರುವಾಗ ಪ್ರೊಕ್ಲೋರ್‌ಪೆರಜಿನ್ ಥರದ್ದು ಒಂದೆರಡು ದಿನ ಕೊಟ್ಟರೆ ಒಳ್ಳೇದೇ. ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಮಿದುಳು ತಾನೇ ಹೊಂದಿಕೊಳ್ಳೋದನ್ನ ಕಲಿಯೋದಿಲ್ಲ. ವಯಸ್ಸಾದವರಲ್ಲಿ ಕೈ ನಡುಕ, ನಡಿಗೆ ಬಿಗಿಯೋದು ಶುರುವಾಗುತ್ತೆ. ಸಿನ್ನರಿಜಿನ್‌ಗೂ ಅದೇ ಮಾತು. ಬೀಟಾಹಿಸ್ಟಿನ್ ಅಷ್ಟು ತೊಂದರೆ ಕೊಡೋದಿಲ್ಲ, ಆದರೆ ಮೈಗ್ರೇನಿನ ಸುತ್ತಿಗೆ ಅದು ಕೆಲಸ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ನಾನು ನೋಡಿಲ್ಲ.

ಮೆಡಿಕಲ್ ಶಾಪ್ ಮಾವ · ಮಾರ್ಚ್ 6, ರಾತ್ರಿ 8.40

ನಡುಕದ ಮಾತು ಒಪ್ತೀನಿ. ಒಬ್ಬ ಅಜ್ಜಾರಿಗೆ ಹಂಗಾಗಿತ್ತು, ಹಳೇ ಚೀಟಿ ತೋರಿಸಿ ಎರಡು ವರ್ಷ ಒಯ್ತಾ ಇದ್ರು. ಬೀಟಾಹಿಸ್ಟಿನ್ ವಿಷಯದಲ್ಲಿ ಮಾತ್ರ ನಾನು ಕಂಡಿದ್ದೇ ಬೇರೆ.

ಜಗಳೂರು ಹುಡುಗ · ಮಾರ್ಚ್ 19, ಬೆಳಿಗ್ಗೆ 9.50

ಇಲ್ಲೇ ಕೇಳ್ತಿದೀನಿ, ತಪ್ಪು ತಿಳೀಬೇಡಿ. ನಮ್ಮಮ್ಮಗೆ 66, ಶುಗರ್ ಇದೆ. ಬೆಳಿಗ್ಗೆ ಎದ್ದಾಗಿಂದ ತಲೆಸುತ್ತು. ನಿಲ್ಲಿಸಿದರೆ ಎಡಕ್ಕೇ ವಾಲಿ ಬೀಳ್ತಾರೆ, ಮಾತು ಸ್ವಲ್ಪ ತೊದಲ್ತಾ ಇದೆ. ಹರಿಹರದ ಅಣ್ಣ ಹೇಳಿದ ಹೊರಳಿಸೋ ಚಿಕಿತ್ಸೆ ಮಾಡಬಹುದಾ?

ದುರ್ಗದ ಆಡಿಯಾಲಜಿಸ್ಟ್ · ಮಾರ್ಚ್ 19, ಬೆಳಿಗ್ಗೆ 9.56

ಬೇಡ. ಈಗಲೇ 108ಕ್ಕೆ ಫೋನ್ ಮಾಡಿ. ಕಿವಿ ಡಾಕ್ಟರ ಹತ್ತಿರ ಅಲ್ಲ, ಸ್ಕ್ಯಾನ್ ಇರೋ ದೊಡ್ಡ ಆಸ್ಪತ್ರೆಗೆ. ಇದು ಪಾರ್ಶ್ವವಾಯು ಇರಬಹುದು. ಅಮ್ಮ ಕೊನೇ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಅನ್ನೋದು ನೆನಪಿಟ್ಟುಕೊಂಡು ಹೇಳಿ. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಲೆಕ್ಕ ಇದೆ. ನೀರು, ಮಾತ್ರೆ ಏನೂ ಬಾಯಿಗೆ ಹಾಕಬೇಡಿ. ಟೈಪ್ ಮಾಡೋದು ಬಿಟ್ಟು ಹೊರಡಿ.

ಹರಿಹರದ ಅಣ್ಣ · ಮಾರ್ಚ್ 19, ಬೆಳಿಗ್ಗೆ 10.20

ದೇವರೇ. ನಾನು ಯೂಟ್ಯೂಬ್ ನೋಡಿ ಮಾಡ್ರಿ ಅಂದಿದ್ದೆ. ಆ ಮಾತು ವಾಪಸ್ ತಗೊಂತೀನಿ. ಡಾಕ್ಟ್ರು ಒಂದು ಸಲ ನೋಡದೆ ಯಾರೂ ಮಾಡಬ್ಯಾಡ್ರಿ.

ಜಗಳೂರು ಹುಡುಗ · ಮಾರ್ಚ್ 22, ರಾತ್ರಿ 9.00

ಅಮ್ಮ ಈಗ ಆಸರೆ ಹಿಡಿದು ನಡೀತಿದಾರೆ. ಮೊದಲ ದಿನ ಸಿ.ಟಿ.ಯಲ್ಲಿ ಏನೂ ಕಾಣಲಿಲ್ಲ, ಮನೆಗೆ ಕರ್ಕೊಂಡು ಹೋಗ್ತೀವಿ ಅಂತ ನಮ್ಮ ಮಾವ ಗಲಾಟೆ ಮಾಡಿದ್ರು. ಡಾಕ್ಟ್ರು ಬಿಡಲಿಲ್ಲ. ಮಿದುಳಿನ ಹಿಂಭಾಗದ್ದು ಸಿ.ಟಿ.ಯಲ್ಲಿ ಬೇಗ ಕಾಣೋದಿಲ್ಲ ಅಂದ್ರು. ಮರುದಿನ ಎಂ.ಆರ್.ಐ.ಯಲ್ಲಿ ಚಿಕ್ಕ ಮಿದುಳಿನಲ್ಲಿ ಕಂಡಿತು. ರಾತ್ರಿ ಹತ್ತಕ್ಕೆ ಮಲಗುವಾಗ ಸರಿ ಇದ್ದರು, ಬೆಳಿಗ್ಗೆ ಎದ್ದಾಗಲೇ ಹಿಂಗೆ ಇತ್ತು, ಅದಕ್ಕೇ ಆ ಇಂಜೆಕ್ಷನ್ ಕೊಡೋಕೆ ಆಗಲಿಲ್ಲ. ನಾನು ಎದ್ದ ತಕ್ಷಣ ಹೊರಡದೆ ಮೂರು ಗಂಟೆ ನಿಂಬೆ ಶರಬತ್ತು ಕುಡಿಸ್ತಾ ಕೂತಿದ್ದೆ ಅನ್ನೋದು ಕೊರೀತಾನೇ ಇದೆ.

ಸೀರೆ ಅಂಗಡಿ ಅಕ್ಕ · ಏಪ್ರಿಲ್ 21, ರಾತ್ರಿ 10.15

ತಮ್ಮಾ, ಅಮ್ಮಾರು ಬೇಗ ಹುಷಾರಾಗ್ಲಿ. ನೀನು ಕೇಳಿದ್ದಕ್ಕೇ ಅವರು ಆಸ್ಪತ್ರೆ ಮುಟ್ಟಿದ್ರು.

ಮೇಡಂ, ಆರು ವಾರ ಆತು. ಮಗನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಾಗ ಬರೆದೀನಿ. ಒಟ್ಟು 9 ಸಲ ಬಂತು. ಎಲ್ಲಕ್ಕಿಂತ ಸಣ್ಣದು 40 ನಿಮಿಷ, ದೊಡ್ಡದು ಒಂದು ಹಗಲು ಒಂದು ರಾತ್ರಿ. ಆರು ಸಲ ಬೆಳಕೂ ಬ್ಯಾಡ, ಸದ್ದೂ ಬ್ಯಾಡ ಅನ್ನಿಸೈತಿ. ಕುಕ್ಕರ್ ಸೀಟಿ ತಲೆಗೆ ಹೊಡೆದಂಗ ಆಗ್ತಿತ್ತು, ಅದು ಸುತ್ತಿಗೆ ಸೇರಿದ್ದು ಅಂತ ಬರೆಯೋ ತನಕ ಗೊತ್ತೇ ಇರಲಿಲ್ಲ. ತಲೆನೋವು ಜೊತೆಗೆ ಬಂದಿದ್ದು ಬರೇ ನಾಲ್ಕು ಸಲ. ಎರಡು ಸಲ ಮುಟ್ಟಿನ ಹಿಂದಿನ ದಿನ.

ಇನ್ನೊಂದು ಕಂಡಿದ್ದು ನನಗೇ ಆಶ್ಚರ್ಯ. ಒಂಬತ್ತರಾಗ ನಾಲ್ಕು ಸೋಮವಾರ ಸಂಜೀಗೆ ಬಂದಾವ. ಸೋಮವಾರ ನನ್ನದು ಒಪ್ಪತ್ತು. ಬೆಳಿಗ್ಗೆ ಒಂದು ಲೋಟ ಚಹಾ, ಆಮ್ಯಾಲೆ ರಾತ್ರಿ ಪೂಜೆ ಮುಗಿಸಿ ಊಟ. ಮದುವೆ ಆದಾಗಿಂದ ಹಿಡಿದೀನಿ, ಅದರಿಂದ ಅಂತ ಅನ್ಕೊಂಡೇ ಇರಲಿಲ್ಲ.

ತಲೆನೋವಿನ ಮಾತ್ರೆ ಲೆಕ್ಕ ಹಾಕಿದ್ರೆ ತಿಂಗಳಿಗೆ 14 ದಿನ ನುಂಗೀನಿ. ಸುತ್ತು ಬಂದಾಗ ತಲೆನೋವು ಬರಬಾರ್ದು ಅಂತ ಮುಂಚೇನೇ ನುಂಗ್ತಿದ್ದೆ.

ದುರ್ಗದ ಆಡಿಯಾಲಜಿಸ್ಟ್ · ಏಪ್ರಿಲ್ 22, ಮಧ್ಯಾಹ್ನ 2.20

ಅಕ್ಕಾ, ಈ ಹಾಳೆಗಳನ್ನ ಹಂಗೇ ನರರೋಗ ವೈದ್ಯರ ಮುಂದಿಡಿ. ಒಂಬತ್ತು ಸಲ ಬಂದಿದೆ, ಹೊತ್ತು ಸರಿ ಹೊಂದುತ್ತೆ, ಹಳೇ ಮೈಗ್ರೇನ್ ಇದೆ, ಅರ್ಧಕ್ಕಿಂತ ಹೆಚ್ಚು ಸಲ ಬೆಳಕು ಸದ್ದು ಎರಡೂ ಇವೆ. ಖಚಿತ ಮಾಡಬೇಕಾದವರು ಅವರೇ, ಆದರೆ ನನಗೆ ದಾರಿ ಸ್ಪಷ್ಟ ಕಾಣ್ತಿದೆ.

ಮಾತ್ರೆಯ ಲೆಕ್ಕ ಮರೀದೇ ಹೇಳಿ. ಎರಡು ಮೂರು ಔಷಧಿ ಬೆರೆಸಿದ ತಲೆನೋವಿನ ಮಾತ್ರೆ ಆದರೆ ತಿಂಗಳಿಗೆ 10 ದಿನ, ಬರೀ ಪ್ಯಾರಾಸಿಟಮಾಲ್ ಆದರೆ 15 ದಿನ. ತಿಂಗಳುಗಟ್ಟಲೆ ಅದನ್ನ ಮುಟ್ಟಿದರೆ ಮಾತ್ರೆಯೇ ತಲೆನೋವು ತರೋಕೆ ಶುರು ಮಾಡುತ್ತೆ. ನಿಮ್ಮದು ಯಾವುದು ಅಂತ ಮಾತ್ರೆ ಸ್ಟ್ರಿಪ್ಪಿನ ಹಿಂಭಾಗ ನೋಡಿ.

ಬಿ.ಇ. ಮೂರನೇ ವರ್ಷ · ಏಪ್ರಿಲ್ 22, ರಾತ್ರಿ 11.30

ನನಗೆ ಮೊಬೈಲಲ್ಲಿ ರೀಲ್ಸ್ ಬೇಗ ಬೇಗ ಸರಿಸಿದರೆ ತಲೆ ತೂಗುತ್ತೆ. ಎರಡು ಸಲ ಕಣ್ಣ ಮುಂದೆ ಅಂಕುಡೊಂಕು ಹೊಳಪು ಬಂದು 20 ನಿಮಿಷಕ್ಕೆ ಹೋಯ್ತು. ತಲೆನೋವು ಇಲ್ಲವೇ ಇಲ್ಲ. ನಂದೂ ಇದೇನಾ ಮೇಡಂ?

ದುರ್ಗದ ಆಡಿಯಾಲಜಿಸ್ಟ್ · ಏಪ್ರಿಲ್ 23, ಮಧ್ಯಾಹ್ನ 1.30

ಆ ಹೊಳಪು ಮೈಗ್ರೇನಿನದ್ದೇ ಇರಬಹುದು. ಸುತ್ತನ್ನ ಅದಕ್ಕೆ ಜೋಡಿಸೋಕೆ ಎರಡು ಸಲ ಸಾಲದು. ನೀವೂ ಬರೆದಿಡಿ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ.

ಸೀರೆ ಅಂಗಡಿ ಅಕ್ಕ · ಮೇ 9, ರಾತ್ರಿ 10.50

ತೋರಿಸಿ ಬಂದ್ವಿ. ಡಾಕ್ಟ್ರು ನೋಟ್‌ಬುಕ್ ಪೂರ್ತಿ ಓದಿದ್ರು. ಮಂಚದ ಮ್ಯಾಲೆ ಮಲಗಿಸಿ ತಲೆ ತಿರುಗಿಸಿ ಕಣ್ಣು ನೋಡಿದ್ರು, ಹರಳಿನ ಲಕ್ಷಣ ಇಲ್ಲ ಅಂದ್ರು. ವೆಸ್ಟಿಬುಲರ್ ಮೈಗ್ರೇನ್ ಅಂತಾನೇ ಬರೆದ್ರು. ಪಟ್ಟಿ ತೆಗೆಸಿದ್ರು. ಮೊದಲು ಪ್ರೊಪ್ರನಲಾಲ್ ಕೊಡೋದ್ರಾಗಿದ್ರು, ಸಣ್ಣಾಕಿ ಇದ್ದಾಗ ದಮ್ಮು ಇತ್ತು ಅಂದಿದ್ದಕ್ಕೆ ಅದು ಬ್ಯಾಡ ಅಂತ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ರಾತ್ರಿ ಒಂದು ಕೊಟ್ರು.

ಮಾತ್ರೆ ತರಾಕ ಹೋದ್ರೆ ಅಂಗಡಿ ಹುಡುಗ ನಮ್ಮ ಮನೆಯವರಿಗೆ "ಇದು ಮನೋರೋಗದ ಮಾತ್ರೆ ಅಲ್ವಾ ಸರ್" ಅಂದನಂತೆ. ಅವರು ಮನೆಗೆ ಬಂದು ಒಂದು ಮಾತು ಆಡದೆ ಮಾತ್ರೆ ಟೇಬಲ್ ಮ್ಯಾಲೆ ಇಟ್ರು. ಅತ್ತೆಯವರು "ನಾನು ಮೊದಲೇ ಹೇಳಿದ್ನಲ್ಲ" ಅಂದ್ರು. ನಾಲ್ಕು ದಿನ ಆತು, ಇನ್ನೂ ಶುರು ಮಾಡಿಲ್ಲ.

ಮೆಡಿಕಲ್ ಶಾಪ್ ಮಾವ · ಮೇ 10, ಬೆಳಿಗ್ಗೆ 7.40

ಆ ಹುಡುಗ ಮಾಡಿದ್ದು ತಪ್ಪು ಕಣಮ್ಮ. ನಾನೇ ಹೇಳ್ತೀನಿ ನಿಮ್ಮೆಜಮಾನ್ರಿಗೆ. ಆ ಮಾತ್ರೆ ಖಿನ್ನತೆಗೆ ಕೊಡುವಾಗ 75, 100 ಮಿಲಿಗ್ರಾಂ ಹೋಗುತ್ತೆ. 10 ಅಂದ್ರೆ ನರದ ನೋವಿಗೆ, ಮೈಗ್ರೇನಿಗೆ. ನನ್ನ ಹೆಂಡತಿಯೇ ಕಾಲುರಿಗೆ ತಗೊಂತಾಳೆ.

ದುರ್ಗದ ಆಡಿಯಾಲಜಿಸ್ಟ್ · ಮೇ 10, ಮಧ್ಯಾಹ್ನ 2.00

ಮಾವಾ, ನೀವು ಹೇಳಿದ್ದು ನಾನು ಹೇಳೋದಕ್ಕಿಂತ ಚೆನ್ನಾಗಿ ಮುಟ್ಟುತ್ತೆ.

ಅಕ್ಕಾ, ಮೊದಲ ವಾರ ಬಾಯಿ ಒಣಗುತ್ತೆ, ಬೆಳಿಗ್ಗೆ ಮಂಪರು ಇರುತ್ತೆ. ಸ್ವಲ್ಪ ಬೇಗ, ಎಂಟೂವರೆ ಒಂಬತ್ತಕ್ಕೆ ತಗೋಬಹುದಾ ಅಂತ ಡಾಕ್ಟರನ್ನ ಕೇಳಿ. ಹತ್ತು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಬೇಡಿ, ಎರಡು ತಿಂಗಳು ಬೇಕು. ಹೊಂದದಿದ್ದರೆ ಬೇರೆ ಮಾತ್ರೆಗಳಿವೆ. ಯಾವುದು ಯಾರಿಗೆ ಹೊಂದುತ್ತೆ ಅಂತ ಮೊದಲೇ ಹೇಳೋಕೆ ಯಾರಿಗೂ ಆಗೋದಿಲ್ಲ. ಬರೆಯೋದು ನಿಲ್ಲಿಸಬೇಡಿ.

ಸೀರೆ ಅಂಗಡಿ ಅಕ್ಕ · ಜುಲೈ 14, ರಾತ್ರಿ 10.30

ಮಾತ್ರೆ ಶುರು ಮಾಡಿ ಒಂಬತ್ತು ವಾರ. ಹಿಂದಿನ ಆರು ವಾರದಾಗ ಮೂರು ಸಲ ಬಂತು, ಮೂರೂ ಒಂದು ತಾಸಿನೊಳಗ ನಿಂತಾವ. ಬೆರಕೆ ಮಾತ್ರೆ ಬಿಟ್ಟೆ, ಮೊದಲ ಎರಡು ವಾರ ತಲೆನೋವು ಜಾಸ್ತಿ ಆಗಿ ಅಳು ಬಂತು, ಆಮ್ಯಾಲೆ ಇಳೀತು. ತೂಕ ಎರಡು ಕೆ.ಜಿ. ಏರೈತಿ.

ಸೋಮವಾರ ಬಿಟ್ಟಿಲ್ಲ. ಅತ್ತೆಯವರೇ ಮಠಕ್ಕೆ ಹೋದಾಗ ಕೇಳ್ಕೊಂಡು ಬಂದ್ರು. ಈಗ ಬೆಳಿಗ್ಗೆ ಬಾಳೆಹಣ್ಣು ಹಾಲು, ಮಧ್ಯಾಹ್ನ ಸಾಬುದಾಣಿ, ಸಂಜೀ ನಾಲ್ಕಕ್ಕೆ ಶೇಂಗಾ. ಸೋಮವಾರ ಒಮ್ಮೆ ಮಾತ್ರ ಬಂತು. ಕಮ್ಮಿ ಆಗಿದ್ದು ಊಟದಿಂದ ಹೌದೋ ಮಾತ್ರೆಯಿಂದ ಹೌದೋ ಗೊತ್ತಿಲ್ಲ.

ಅಂಗಡಿದೇ ಇನ್ನೂ ಬಗೆಹರಿದಿಲ್ಲ. ಪಟ್ಟೆ ಪಟ್ಟೆ ಇಳಕಲ್ ಸೀರೆ ಸಾಲಾಗಿ ಬಿಚ್ಚಿದ್ರೆ ಕಣ್ಣು ಜಾರ್ತಾವ. ಮುಂದಿನ ತಿಂಗಳು ಶ್ರಾವಣ, ರಾತ್ರಿ ಹನ್ನೊಂದರ ತನಕ ನಿಲ್ಲಬೇಕು. ಏನು ಮಾಡ್ಲಿ ಮೇಡಂ?

ದುರ್ಗದ ಆಡಿಯಾಲಜಿಸ್ಟ್ · ಜುಲೈ 15, ಮಧ್ಯಾಹ್ನ 2.15

ಕಪ್ಪು ಕನ್ನಡಕ ಒಳಗೆ ಹಾಕಬೇಡಿ, ಕಣ್ಣು ಕತ್ತಲೆಗೆ ಒಗ್ಗಿ ಬೆಳಕು ಇನ್ನಷ್ಟು ಚುಚ್ಚುತ್ತೆ. ಒಂದೊಂದೇ ಸೀರೆ ಬಿಚ್ಚಿ, ಹಿಂದಿನದು ಮಡಚಿಯೇ ಮುಂದಿನದು ತೆಗೀರಿ. ಸಂಜೆ ಏಳಕ್ಕೆ ಏನಾದರೂ ತಿನ್ನೋಕೆ ಹತ್ತು ನಿಮಿಷ ಕೇಳಿಕೊಳ್ಳಿ. ಕಣ್ಣು ತಲೆ ಒಗ್ಗಿಸೋ ವ್ಯಾಯಾಮ ಇವೆ, ಆದರೆ ಸುತ್ತು ಇನ್ನೂ ಬರ್ತಿರುವಾಗ ಶುರು ಮಾಡಿದರೆ ಕೆಲವರಿಗೆ ಹೆಚ್ಚಾಗುತ್ತೆ. ಶ್ರಾವಣ ಮುಗಿದ ಮೇಲೆ ದುರ್ಗಕ್ಕೆ ಬನ್ನಿ, ಕೂತು ಕಲಿಸ್ತೀನಿ.

ಹರಿಹರದ ಅಣ್ಣ · ಜುಲೈ 15, ರಾತ್ರಿ 9.10

ಅಕ್ಕಾರೆ, ನನಗ ಹೋದ ವಾರ ಮತ್ತ ಶುರುವಾಗೈತಿ. ಈ ಸಲ ಎರಡು ತಾಸು ಇತ್ತು. ನೋಟ್‌ಬುಕ್ ತಗೊಂಡೀನಿ.

ಸೀರೆ ಅಂಗಡಿ ಅಕ್ಕ · ಜುಲೈ 17, ರಾತ್ರಿ 11.05

ಮಾಲೀಕರಿಗೆ ಹೇಳಿದೆ. ನನ್ನ ಕೌಂಟರಿನ ಮ್ಯಾಲಿನ ಎರಡು ಫೋಕಸ್ ಲೈಟು ಬೇರೆ ಕಡೆ ತಿರುಗಿಸ್ತೀನಿ ಅಂದಾರ. ಎಲೆಕ್ಟ್ರಿಷಿಯನ್ ಶನಿವಾರ ಬರ್ತಾನಂತ. ಅಣ್ಣಾರೆ, ಸುತ್ತು ನಿಂತ ಟೈಮೂ ಬರೀರಿ, ನಾನು ಮೊದಲ ಎರಡು ಸಲ ಅದನ್ನೇ ಮರೆತಿದ್ದೆ.